ಜಾತ್ರೆಯ ಗಾಡಿ ಊಟ: ಒಲೆಯಿಂದ ಇಳಿದ ಮೇಲೆ ಏನಾಯಿತು ಎಂದು ನೋಡಿ

ಪ್ರಶ್ನೆ: ಕಳೆದ ವರ್ಷ ಶಿವರಾತ್ರಿಯ ಸಮಯದಲ್ಲಿ ಅರಸೀಕೆರೆಯಿಂದ ರೈಲಿನಲ್ಲಿ ತುಮಕೂರಿನ ಸಿದ್ಧಗಂಗೆ ಜಾತ್ರೆಗೆ ಬಂದಿದ್ದೆವು. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಮತ್ತು ಏಳು ವರ್ಷದ ಮಗಳು ಒಂದು ಗಾಡಿಯಲ್ಲಿ ಚಿತ್ರಾನ್ನ ತಿಂದೆವು. ಒಂದು ಗಂಟೆಗೆ ಮಾವನವರು, ಯಜಮಾನರು, ನಾವಿಬ್ಬರು, ಎಲ್ಲರೂ ತಟ್ಟೆ ಇಡ್ಲಿ ತಿಂದೆವು. ಮೂರೂವರೆಗೆ ರೈಲು ಹತ್ತುವ ಹೊತ್ತಿಗೆ ಮಗಳಿಗೂ ನನಗೂ ವಾಂತಿ ಶುರುವಾಯಿತು. ಅಂದಿನಿಂದ ಮನೆಯಲ್ಲಿ ತಟ್ಟೆ ಇಡ್ಲಿ ಎಂದರೆ ಭಯ. ಎರಡು ಅಂಗಡಿಯಲ್ಲೂ ಜನ ತುಂಬಿದ್ದರು, ತಿಂದದ್ದೆಲ್ಲ ಬಿಸಿಯಾಗಿಯೇ ಇತ್ತು. ಈ ವರ್ಷವೂ ಹೋಗಬೇಕೆಂದಿದ್ದೇವೆ. ತಿನ್ನಬಹುದಾದ ಅಂಗಡಿಯನ್ನು ಗುರುತಿಸುವುದು ಹೇಗೆ? ಮಾವನವರಿಗೆ ಸಕ್ಕರೆ ಕಾಯಿಲೆಯಿದೆ, ಆದರೆ ಜಾತ್ರೆಯಲ್ಲಿ ಮಜ್ಜಿಗೆ ಕುಡಿಯದೆ ಅವರು ಬರುವವರಲ್ಲ.

ಉತ್ತರ: ನೀವು ಗಂಟೆಗಳನ್ನು ಬರೆದು ಕಳುಹಿಸಿದ್ದು ಬಹಳ ಒಳ್ಳೆಯದಾಯಿತು. ಊಟ ಕೆಟ್ಟು ಬರುವ ತೊಂದರೆಯಲ್ಲಿ ಏನು ತಿಂದಿರಿ ಎಂಬುದರಷ್ಟೇ ಮುಖ್ಯವಾದುದು, ತಿಂದ ಎಷ್ಟು ಹೊತ್ತಿಗೆ ತೊಂದರೆ ಕಾಣಿಸಿತು ಮತ್ತು ಜೊತೆಯಲ್ಲಿದ್ದವರಲ್ಲಿ ಯಾರಿಗೆ ಕಾಣಿಸಲಿಲ್ಲ ಎಂಬುದು. ರೋಗಾಣು ಹೊಟ್ಟೆಗೆ ಹೋಗಿ, ಕರುಳಿನಲ್ಲಿ ಬೆಳೆದು, ಆಮೇಲೆ ಕಾಯಿಲೆ ತರುವುದಾದರೆ ಅದಕ್ಕೆ ಸಾಮಾನ್ಯವಾಗಿ ಅರ್ಧ ದಿನದಿಂದ ಮೂರು ದಿನದವರೆಗೆ ಸಮಯ ಬೇಕು, ಮತ್ತು ಅಲ್ಲಿ ಭೇದಿಯೇ ಹೆಚ್ಚು. ಎರಡು ಮೂರು ಗಂಟೆಯೊಳಗೆ ಇದ್ದಕ್ಕಿದ್ದಂತೆ ವಾಂತಿ ಶುರುವಾದರೆ, ರೋಗಾಣು ಹೊಟ್ಟೆಯಲ್ಲಿ ಬೆಳೆಯುವುದಕ್ಕೆ ಕಾಲವೇ ಇರಲಿಲ್ಲ ಎಂದರ್ಥ. ಅದು ಬೆಳೆದದ್ದು ಅಂಗಡಿಯ ಪಾತ್ರೆಯಲ್ಲಿ. ಅಲ್ಲಿಯೇ ಅದು ವಿಷವನ್ನು ತಯಾರಿಸಿಟ್ಟಿತ್ತು, ನೀವು ತಿಂದದ್ದು ಆ ಸಿದ್ಧ ವಿಷವನ್ನು.

ಗಂಟೆಯ ಲೆಕ್ಕವೊಂದನ್ನೇ ಹಿಡಿದರೆ ಇಡ್ಲಿಯೂ ಸಂಶಯಕ್ಕೆ ಒಳಪಡುತ್ತದೆ, ಚಿತ್ರಾನ್ನವೂ ಒಳಪಡುತ್ತದೆ, ಏಕೆಂದರೆ ಎರಡನ್ನೂ ತಿಂದದ್ದು ಅರ್ಧ ಗಂಟೆಯ ಅಂತರದಲ್ಲಿ. ಆದರೆ ಇಡ್ಲಿ, ಚಟ್ನಿಗಳನ್ನು ನಾಲ್ವರೂ ತಿಂದಿದ್ದೀರಿ, ಚಿತ್ರಾನ್ನವನ್ನು ತಿಂದವರು ಇಬ್ಬರೇ, ವಾಂತಿ ಮಾಡಿಕೊಂಡವರೂ ಆ ಇಬ್ಬರೇ. ನಾಲ್ಕು ಜನರ ಲೆಕ್ಕದಿಂದ ಖಡಾಖಂಡಿತವಾಗಿ ತೀರ್ಪು ಕೊಡುವುದು ಸರಿಯಲ್ಲ, ಆದರೂ ನನ್ನ ಅಭಿಪ್ರಾಯ ಕೇಳಿದರೆ ತೊಂದರೆ ಅನ್ನದಿಂದ ಬಂದಿರುವ ಸಂಭವವೇ ಹೆಚ್ಚು. ನಾವೆಲ್ಲರೂ ಕಡೆಯದಾಗಿ ತಿಂದ ಪದಾರ್ಥವನ್ನೇ ದೂರುತ್ತೇವೆ, ಹಾಗಾಗಿ ನಿಮ್ಮ ಮನೆಯಲ್ಲಿ ತಟ್ಟೆ ಇಡ್ಲಿಗೆ ಕೆಟ್ಟ ಹೆಸರು ಬಂದಿದೆ.

ಅನ್ನದ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಬೀದಿ ಬದಿಯ ಊಟದಲ್ಲಿ ಜನ ಅತಿ ಕಡಿಮೆ ಅನುಮಾನಿಸುವ ಪದಾರ್ಥ ಅದು. ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಒಂದಿದೆ. ಗದ್ದೆಯಿಂದ ಬರುವ ಅಕ್ಕಿಯ ಜೊತೆ ಅದು ಬೀಜದಂತಹ ಗಟ್ಟಿ ರೂಪದಲ್ಲಿ, ಅಂದರೆ ಬೀಜಾಣುವಾಗಿ, ಸಹಜವಾಗಿಯೇ ಬಂದಿರುತ್ತದೆ. ಅಕ್ಕಿಯನ್ನು ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ, ಅನ್ನ ಕುದ್ದರೂ ಬೀಜಾಣು ಸಾಯುವುದಿಲ್ಲ. ಬಿಸಿ ಅನ್ನವನ್ನು ಆಗಲೇ ಉಂಡರೆ ಅದರಿಂದ ಏನೂ ಅಪಾಯವಿಲ್ಲ, ನಾವು ದಿನವೂ ಉಣ್ಣುತ್ತಿರುವುದೇ ಹಾಗೆ. ಆದರೆ ಅನ್ನವನ್ನು ಹಾಗೇ ಬಿಟ್ಟು ಅದು ಉಗುರು ಬೆಚ್ಚಗಿನ ಹದಕ್ಕೆ ಇಳಿದಾಗ ಬೀಜಾಣು ಮೊಳೆತು, ಬ್ಯಾಕ್ಟೀರಿಯವಾಗಿ ಬೆಳೆದು, ಸಿರಿಯುಲೈಡ್ ಎಂಬ ವಾಂತಿ ತರಿಸುವ ವಿಷವನ್ನು ಅನ್ನದಲ್ಲಿ ಬಿಡುತ್ತದೆ. ಈ ವಿಷ 121 ಡಿಗ್ರಿ ಶಾಖದಲ್ಲಿ ಒಂದೂವರೆ ಗಂಟೆ ಇಟ್ಟರೂ ಕೆಡುವುದಿಲ್ಲ ಎಂದು ಪ್ರಯೋಗಶಾಲೆಗಳಲ್ಲಿ ಕಂಡುಕೊಂಡಿದ್ದಾರೆ. ಕುದಿಯುವ ನೀರಿನ ಶಾಖವೇ 100 ಡಿಗ್ರಿ ಎಂಬುದನ್ನು ನೆನೆದರೆ, ಬಾಣಲೆಯಲ್ಲಿ ಎರಡು ನಿಮಿಷ ಒಗ್ಗರಣೆಗೆ ಹಾಕಿ ಕೈಯಾಡಿಸಿದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ ಎಂಬುದು ತಿಳಿಯುತ್ತದೆ. ನಿಮ್ಮ ತಟ್ಟೆಗೆ ಬಂದ ಚಿತ್ರಾನ್ನ ಬಿಸಿಯಾಗಿತ್ತು, ನಿಜ. ಆದರೆ ಆ ಬಿಸಿ ಒಗ್ಗರಣೆಯದು. ಅದರೊಳಗಿನ ಅನ್ನ ಯಾವಾಗ ಬೆಂದದ್ದು ಎಂಬುದನ್ನು ಆ ಬಿಸಿ ಹೇಳುವುದಿಲ್ಲ.

ಚಿತ್ರಾನ್ನಕ್ಕೆ ಉದುರುದುರಾದ ಅನ್ನ ಬೇಕು, ಬಿಸಿ ಅನ್ನ ಕಲಸಿದರೆ ಮುದ್ದೆಯಾಗುತ್ತದೆ. ಹೀಗಾಗಿ ಆರಿದ ಅನ್ನವನ್ನೇ ಬಳಸುವುದು ಅಡುಗೆಯ ರೂಢಿ, ಅದರಲ್ಲಿ ತಪ್ಪಿಲ್ಲ. ಮನೆಯಲ್ಲಿ ಅರ್ಧ ಕೆ.ಜಿ. ಅಕ್ಕಿಯ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿದರೆ ಇಪ್ಪತ್ತು ನಿಮಿಷದಲ್ಲಿ ಆರುತ್ತದೆ, ಕಲಸಿ ತಿಂದೂ ಆಗುತ್ತದೆ. ಜಾತ್ರೆಯ ಲೆಕ್ಕ ಬೇರೆ. ಹತ್ತು ಹದಿನೈದು ಕೆ.ಜಿ. ಅಕ್ಕಿಯ ಅನ್ನವನ್ನು ಹಿಂದಿನ ರಾತ್ರಿಯೋ ನಸುಕಿನಲ್ಲೋ ಮಾಡಿ, ದೊಡ್ಡ ಡಬರಿಯಲ್ಲೇ ಬಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ಗಾಡಿಗೆ ತಂದರೆ, ರಾಶಿಯ ಮೇಲ್ಭಾಗ ತಣ್ಣಗಾಗಿದ್ದರೂ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆ ಬೆಚ್ಚಗಿನ ನಡುಭಾಗವೇ ಬ್ಯಾಕ್ಟೀರಿಯಕ್ಕೆ ತೊಟ್ಟಿಲು. ಬೇಯಿಸಿದ ಪದಾರ್ಥವನ್ನು ಒಂದೋ 60 ಡಿಗ್ರಿಗಿಂತ ಬಿಸಿಯಾಗಿ, ಅಂದರೆ ಮುಟ್ಟಿದರೆ ಕೈ ಹಿಂದೆಗೆಯುವಷ್ಟು ಬಿಸಿಯಾಗಿ ಇಟ್ಟಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗೆ ಇಡಬೇಕು. ನಡುವಿನ ಶಾಖದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇಟ್ಟದ್ದನ್ನು ಮಕ್ಕಳಿಗೆ, ವಯಸ್ಸಾದವರಿಗೆ ಕೊಡಬಾರದು. ಶಿವರಾತ್ರಿಯ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನದ ಬಿಸಿಲು ಏರಿರುತ್ತದೆ, ಗಾಡಿಯ ತಗಡಿನ ಕೆಳಗೆ ಇನ್ನೂ ಹೆಚ್ಚು. ಅಂಥ ದಿನ ನಾನು ಎರಡು ಗಂಟೆಯನ್ನು ಒಂದು ಗಂಟೆ ಎಂದೇ ಎಣಿಸುತ್ತೇನೆ.

ಇಲ್ಲಿ ಓದುಗರು ನನ್ನನ್ನು ಕೇಳುವ ಒಂದು ಮಾತಿದೆ: ನಮ್ಮ ಅಜ್ಜ ಅಜ್ಜಿ ತಂಗಳನ್ನ ಉಂಡೇ ಬದುಕಿದರಲ್ಲ, ಅವರಿಗೇಕೆ ಏನೂ ಆಗಲಿಲ್ಲ? ಅವರು ಮಿಕ್ಕ ಸ್ವಲ್ಪ ಅನ್ನಕ್ಕೆ ನೀರೋ ಮಜ್ಜಿಗೆಯೋ ಹಾಕಿಡುತ್ತಿದ್ದರು. ಅದು ರಾತ್ರಿಯಲ್ಲಿ ಹುಳಿಯೇರುತ್ತಿತ್ತು, ಹುಳಿಯಲ್ಲಿ ಈ ಬ್ಯಾಕ್ಟೀರಿಯ ಚೆನ್ನಾಗಿ ಬೆಳೆಯಲಾರದು. ಪುಳಿಯೋಗರೆ ಬುತ್ತಿಯಾಗಿ ಬಂದದ್ದಕ್ಕೂ ಇದೇ ಕಾರಣ, ಹುಣಸೆಹುಳಿ, ಉಪ್ಪು, ಎಣ್ಣೆ ಮೂರೂ ಸೇರಿ ಅನ್ನವನ್ನು ಕಾಯುತ್ತವೆ. ಚಿತ್ರಾನ್ನದಲ್ಲೂ ನಿಂಬೆಹಣ್ಣಿದೆಯಲ್ಲ ಎನ್ನಬಹುದು. ಆದರೆ ಗಾಡಿಯವರು ನಿಂಬೆ ಹಿಂಡುವುದು ಕಲಸುವಾಗ, ಅಂದರೆ ಅನ್ನ ಬಿಳಿಯಾಗಿ, ಸಪ್ಪೆಯಾಗಿ ಇಡೀ ರಾತ್ರಿ ಕಳೆದ ಮೇಲೆ. ಆಗ ಹಿಂಡಿದ ನಿಂಬೆ ಮೊದಲೇ ಆದ ವಿಷವನ್ನು ತೆಗೆಯುವುದಿಲ್ಲ. ವಾಸನೆ ಹಳಸಿದ್ದರೆ ತಿಳಿಯುವುದಿಲ್ಲವೇ ಎಂದರೆ, ಈ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇಲ್ಲ. ಹಳಸುವುದಕ್ಕೆ ಮುಂಚೆಯೇ ಅದು ಸಿದ್ಧವಾಗಿರಬಹುದು.

ಹಾಗಾದರೆ ಗಾಡಿಯ ಮುಂದೆ ನಿಂತು ಗುರುತಿಸುವುದು ಹೇಗೆ? ಅನ್ನದ ಪದಾರ್ಥ ಮಾರುವ ಕಡೆ ಮೊದಲು ನೋಡಬೇಕಾದದ್ದು, ಅನ್ನ ಬೇಯಿಸುವ ಒಲೆ ಅಲ್ಲಿ ಇದೆಯೇ ಎಂಬುದನ್ನು. ಗಾಡಿಯ ಹಿಂದೆ ಇನ್ನೊಂದು ಒಲೆಯ ಮೇಲೆ ಎಸರು ಕುದಿಯುತ್ತಿದ್ದರೆ, ಅಕ್ಕಿ ತೊಳೆಯುತ್ತಿದ್ದರೆ, ಅಲ್ಲಿ ಅನ್ನ ಆಗಾಗ ಆಗುತ್ತಿದೆ ಎಂದು ತಿಳಿಯಬಹುದು. ಒಂದೇ ಬಾಣಲೆ, ಪಕ್ಕದಲ್ಲಿ ಬಟ್ಟೆ ಮುಚ್ಚಿದ ದೊಡ್ಡ ಪಾತ್ರೆ ಮಾತ್ರ ಇದ್ದರೆ ಅನ್ನ ಬೇರೆಲ್ಲೋ, ಬೇರೆ ಯಾವಾಗಲೋ ಆಗಿದೆ. ಪಾತ್ರೆಯಿಂದ ಅನ್ನ ತೆಗೆಯುವಾಗ ಗಮನಿಸಿ: ಅದು ಹೆಂಟೆಯಂತೆ ಗಟ್ಟಿ ಕಟ್ಟಿ ಬರುತ್ತಿದೆಯೇ, ಅದನ್ನು ಬಾಣಲೆಯಲ್ಲಿ ಸೌಟಿನ ಹಿಂಬದಿಯಿಂದ ಒಡೆಯುತ್ತಿದ್ದಾರೆಯೇ? ಹಾಗೆ ಗಂಟುಗಟ್ಟಿದ ಅನ್ನ ಅನೇಕ ಗಂಟೆಗಳ ಹಿಂದಿನದು. ನೇರವಾಗಿ ಕೇಳುವುದಕ್ಕೂ ಸಂಕೋಚ ಬೇಡ, ಆದರೆ ಕೇಳುವ ರೀತಿ ಇದೆ. ‘ಅನ್ನ ಹಳೆಯದಾ?’ ಎಂದರೆ ಯಾರೂ ಹೌದು ಎನ್ನುವುದಿಲ್ಲ, ಮನಸ್ಸಿಗೂ ನೋವಾಗುತ್ತದೆ. ‘ಅಣ್ಣಾ, ಬಿಸಿ ಅನ್ನ ಯಾವಾಗ ಇಳಿಸ್ತೀರಾ? ನಾವು ಕಾಯ್ತೀವಿ’ ಎಂದು ಕೇಳಿ. ‘ಇನ್ನು ಹತ್ತು ನಿಮಿಷ, ಕೂತ್ಕೊಳ್ಳಿ ಅಕ್ಕ’ ಎಂಬ ಉತ್ತರ ಬಂದರೆ ಕಾಯಿರಿ. ‘ಎಲ್ಲಾ ರೆಡಿ ಇದೆ, ಇದೇ ಬಿಸಿ’ ಎಂದರೆ ಅಲ್ಲಿಂದ ಮುಂದೆ ನಡೆಯಿರಿ. ಈ ನೋಟ ಚಿತ್ರಾನ್ನಕ್ಕೆ ಮಾತ್ರವಲ್ಲ, ರಾತ್ರಿ ಹೊತ್ತು ಊರಿನ ಗಾಡಿಗಳಲ್ಲಿ ಸಿಗುವ ಫ್ರೈಡ್ ರೈಸಿಗೂ ಅನ್ವಯಿಸುತ್ತದೆ. ಅಲ್ಲಿ ಬೆಂಕಿ ದೊಡ್ಡದು, ಶಬ್ದ ದೊಡ್ಡದು, ಅನ್ನ ಮಾತ್ರ ಮಧ್ಯಾಹ್ನದ್ದೇ ಆಗಿರಬಹುದು.

ಇನ್ನು ತಟ್ಟೆ ಇಡ್ಲಿ. ಇದರ ಮೇಲಿನ ಭಯವನ್ನು ನಿಮ್ಮ ಮನೆಯಿಂದ ಕಳೆಯಬೇಕೆಂಬುದು ನನ್ನ ಆಸೆ. ಕ್ಯಾತ್ಸಂದ್ರದ ಇಡ್ಲಿಯ ಊರಿಗೆ ಬಂದು ಅದನ್ನೇ ಬಿಟ್ಟು ಹೋಗುವುದು ಬೇಸರದ ಮಾತಷ್ಟೇ ಅಲ್ಲ, ಸುರಕ್ಷತೆಯ ದೃಷ್ಟಿಯಿಂದಲೂ ತಪ್ಪು ಆಯ್ಕೆ. ಇಡ್ಲಿಯ ಹಿಟ್ಟು ಹುದುಗಿ ಹುಳಿಯಾಗಿರುತ್ತದೆ, ಅಗಲ ತಟ್ಟೆಯಲ್ಲಿ ಹಬೆ ಎಲ್ಲ ಕಡೆಯಿಂದ ತಾಗಿ ಬೇಯುತ್ತದೆ, ಇಳಿಸಿದ ಕೂಡಲೇ ಮಾರಾಟವಾಗುತ್ತದೆ. ಬೀದಿಯಲ್ಲಿ ಸಿಗುವ ಊಟಗಳಲ್ಲಿ ಇಷ್ಟು ಗುಣಗಳು ಒಟ್ಟಿಗೆ ಇರುವುದು ಅಪರೂಪ. ತೊಂದರೆ ಏನಿದ್ದರೂ ಅದರ ಪಕ್ಕದಲ್ಲಿ ಬಂದು ಬೀಳುವ ಚಟ್ನಿಯಲ್ಲಿ ಮತ್ತು ಅದನ್ನು ಹೊತ್ತು ಬರುವ ತಟ್ಟೆಯಲ್ಲಿ.

ಕಾಯಿ ಚಟ್ನಿ ಬೆಂಕಿಯನ್ನೇ ಕಾಣದ ಪದಾರ್ಥ. ತೆಂಗಿನಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಇವನ್ನು ಹಸಿ ನೀರು ಹಾಕಿ ರುಬ್ಬುತ್ತಾರೆ, ಆಮೇಲೆ ತೆಳ್ಳಗೆ ಮಾಡಲು ಮತ್ತಷ್ಟು ನೀರು ಸುರಿಯುತ್ತಾರೆ. ಹುಳಿ ಹೆಚ್ಚಿಲ್ಲ, ನೀರು ಸಾಕಷ್ಟಿದೆ, ಕಾಯಿಯ ಪುಷ್ಟಿಯಿದೆ. ನೀರಿನಿಂದಲೋ ಕೈಯಿಂದಲೋ ಬೆಳಿಗ್ಗೆ ಆರು ಗಂಟೆಗೆ ನೂರು ಬ್ಯಾಕ್ಟೀರಿಯಗಳು ಅದರಲ್ಲಿ ಸೇರಿಕೊಂಡವು ಎಂದಿಟ್ಟುಕೊಳ್ಳೋಣ. ಬೆಚ್ಚಗಿನ ಹವೆಯಲ್ಲಿ ಅರ್ಧ ಗಂಟೆಗೊಮ್ಮೆ ಅವು ಇಮ್ಮಡಿಯಾಗುತ್ತ ಹೋದರೆ ಏಳು ಗಂಟೆಗೆ ನಾನೂರು, ಒಂಬತ್ತಕ್ಕೆ ಆರು ಸಾವಿರದ ನಾನೂರು, ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು. ಬೆಳಿಗ್ಗೆ ಏಳಕ್ಕೆ ತಿಂದವರಿಗೂ ಮಧ್ಯಾಹ್ನ ಒಂದಕ್ಕೆ ತಿಂದವರಿಗೂ ಸಿಕ್ಕಿದ್ದು ಒಂದೇ ಚಟ್ನಿಯಲ್ಲ.

ಇದಕ್ಕಿಂತ ನನಗೆ ಹೆಚ್ಚು ಕಳವಳ ತರುವ ರೂಢಿ ಇನ್ನೊಂದಿದೆ. ಚಟ್ನಿಯ ಬಕೆಟ್ಟು ತಳ ಕಾಣುವ ಹೊತ್ತಿಗೆ ಹೊಸದಾಗಿ ರುಬ್ಬಿದ ಚಟ್ನಿಯನ್ನು ಅದರ ಮೇಲೆಯೇ ಸುರಿಯುತ್ತಾರೆ. ಬಕೆಟ್ಟು ದಿನವಿಡೀ ಬರಿದಾಗುವುದೇ ಇಲ್ಲ, ತೊಳೆಯುವುದೂ ಇಲ್ಲ. ಹೆಪ್ಪಿಗೆ ಹಾಲು ಹಾಕಿದ ಹಾಗೆ, ಹಳೆಯ ಚಟ್ನಿ ಹೊಸದಕ್ಕೆ ತನ್ನಲ್ಲಿರುವುದನ್ನೆಲ್ಲ ಹಂಚುತ್ತದೆ. ಬಕೆಟ್ಟಿನ ಒಳಗೋಡೆಯನ್ನು ನೋಡಿದರೆ ಇದು ತಿಳಿಯುತ್ತದೆ: ಒಣಗಿ ಕಂದಿದ ಚಟ್ನಿಯ ಗೆರೆಗಳು ಒಂದರ ಕೆಳಗೊಂದು ಇದ್ದರೆ, ಅದು ಹಲವು ಸಲ ಇಳಿದು ಹಲವು ಸಲ ತುಂಬಿದೆ. ಒಳ್ಳೆಯ ಅಂಗಡಿಯವರು ಸಣ್ಣ ಪಾತ್ರೆಯಲ್ಲಿ ಚಟ್ನಿ ಇಟ್ಟುಕೊಂಡು, ಮುಗಿದ ಮೇಲೆ ಪಾತ್ರೆಯನ್ನೇ ಬದಲಿಸುತ್ತಾರೆ. ಸಂಶಯ ಬಂದರೆ ಇಡ್ಲಿಯನ್ನು ಬಿಡಬೇಕಾಗಿಲ್ಲ, ಚಟ್ನಿಯನ್ನು ಬಿಡಿ. ಚಟ್ನಿ ಪುಡಿ, ಅದರ ಮೇಲೆ ಬೆಣ್ಣೆಯೋ ತುಪ್ಪವೋ ಕೇಳಿ. ಪುಡಿಯಲ್ಲಿ ನೀರಿಲ್ಲದ ಕಾರಣ ಅಲ್ಲಿ ರೋಗಾಣು ಬೆಳೆಯುವುದಿಲ್ಲ. ಸಾಂಬಾರು ಒಲೆಯ ಮೇಲೆ ಗುಳ್ಳೆ ಬಂದು ಕುದಿಯುತ್ತಿದ್ದರೆ ಅದೂ ಆಗುತ್ತದೆ, ಆರಿಸಿದ ಒಲೆಯ ಮೇಲೆ ಉಗುರು ಬೆಚ್ಚಗೆ ಇದ್ದರೆ ಬೇಡ.

ಜನ ತುಂಬಿದ್ದ ಅಂಗಡಿ ಎಂದು ಬರೆದಿದ್ದೀರಿ. ಜನ ಇರುವ ಕಡೆ ತಿನ್ನು ಎಂಬುದು ಹಿರಿಯರು ಹೇಳಿಕೊಟ್ಟ ಬುದ್ಧಿ, ಸಾಮಾನ್ಯ ದಿನಗಳಲ್ಲಿ ಅದು ಸರಿಯೂ ಹೌದು, ಏಕೆಂದರೆ ಅಲ್ಲಿ ಪದಾರ್ಥ ನಿಲ್ಲುವುದಿಲ್ಲ. ಜಾತ್ರೆಯ ದಿನ ಅದನ್ನು ಹಾಗೆಯೇ ನಂಬುವಂತಿಲ್ಲ. ದಿನಕ್ಕೆ ಇನ್ನೂರು ತಟ್ಟೆ ಕೊಡುವ ಗಾಡಿ ಅಂದು ಸಾವಿರ ತಟ್ಟೆ ಕೊಡಬೇಕು, ಒಲೆ ಮಾತ್ರ ಅಷ್ಟೇ, ಕೈಗಳೂ ಅಷ್ಟೇ. ಆಗ ಮೊದಲೇ ಮಾಡಿ ರಾಶಿ ಹಾಕುವುದು ಶುರುವಾಗುತ್ತದೆ, ತಟ್ಟೆ ತೊಳೆಯುವುದು ಕೇವಲ ಅದ್ದಿ ತೆಗೆಯುವುದಾಗುತ್ತದೆ. ಸಾಲಿನ ಉದ್ದ ನೋಡುವ ಬದಲು, ಒಲೆಯಿಂದ ಇಳಿಯುವುದಕ್ಕೂ ಕೈಗೆ ಬರುವುದಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಿ. ಐದು ನಿಮಿಷ ಪಕ್ಕದಲ್ಲಿ ನಿಂತರೆ ಸಾಕು. ಇಡ್ಲಿಯ ಸ್ಟ್ಯಾಂಡಿನಲ್ಲಿ ಹನ್ನೆರಡು ತಟ್ಟೆಗಳಿವೆ, ಒಂದು ಒಬ್ಬೆ ಬೇಯುವುದಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು, ಅಂಥ ಸ್ಟ್ಯಾಂಡುಗಳು ಎರಡಿವೆ ಎಂದಾದರೆ ಹತ್ತು ಹನ್ನೆರಡು ನಿಮಿಷಕ್ಕೆ ಇಪ್ಪತ್ತನಾಲ್ಕು ಇಡ್ಲಿ. ಆದರೆ ನೀವು ನೋಡುತ್ತಿದ್ದಂತೆ ಐದೇ ನಿಮಿಷದಲ್ಲಿ ಮೂವತ್ತು ಇಡ್ಲಿ ಹೋದರೆ, ಉಳಿದವು ಎಲ್ಲಿಂದ ಬಂದವು? ಕೆಳಗಿನ ಡಬ್ಬದಿಂದ. ಇಡ್ಲಿಯಾದ್ದರಿಂದ ಅರ್ಧ ಗಂಟೆ ಮುಚ್ಚಿಟ್ಟದ್ದು ದೊಡ್ಡ ಅಪಾಯವಲ್ಲ, ಆದರೂ ‘ಮುಂದಿನ ಒಬ್ಬೆಯದು ಕೊಡಿ’ ಎಂದು ಹೇಳಿ ಕಾಯುವುದರಲ್ಲಿ ನಿಮಗೆ ನಷ್ಟವೇನಿಲ್ಲ. ಅದೇ ಲೆಕ್ಕವನ್ನು ವಡೆ, ಪಲಾವು, ಮೊಸರು ವಡೆಗಳಿಗೆ ಹಾಕಿದರೆ ಮಾತ್ರ ಉತ್ತರ ಗಂಭೀರವಾಗುತ್ತದೆ.

ಆ ಐದು ನಿಮಿಷದಲ್ಲೇ ನಿಮ್ಮ ಕಣ್ಣು ಒಂದು ಕೈಯನ್ನೂ ಒಂದು ಬಕೆಟ್ಟನ್ನೂ ಹಿಂಬಾಲಿಸಲಿ. ದುಡ್ಡು ತೆಗೆದುಕೊಂಡ ಕೈಯೇ ಇಡ್ಲಿ ತೆಗೆದು ತಟ್ಟೆಗೆ ಹಾಕುತ್ತಿದೆಯೇ, ಅಥವಾ ದುಡ್ಡಿಗೆ ಬೇರೆ ಒಬ್ಬರು ಕುಳಿತಿದ್ದಾರೆಯೇ? ಗಂಡ ಹೆಂಡತಿ ಇಬ್ಬರು ಸೇರಿ ನಡೆಸುವ, ಒಬ್ಬರು ದುಡ್ಡು, ಒಬ್ಬರು ಅಡುಗೆ ಎಂದು ಹಂಚಿಕೊಂಡ ಗಾಡಿಯನ್ನು ನಾನು ಒಬ್ಬಂಟಿ ಗಾಡಿಗಿಂತ ಮೊದಲು ಆರಿಸುತ್ತೇನೆ. ಕೈಗವಸು ಹಾಕಿದ್ದಾರೆ ಎಂದು ಸಮಾಧಾನ ಪಡಬೇಡಿ. ಅದೇ ಕೈಗವಸಿನಲ್ಲಿ ನೋಟು ಎಣಿಸಿ, ಬೆವರು ಒರೆಸಿ, ಈರುಳ್ಳಿ ಉದುರಿಸಿದರೆ ಬರಿಗೈಗೂ ಅದಕ್ಕೂ ವ್ಯತ್ಯಾಸವಿಲ್ಲ. ಬಡಿಸುವ ಬೆರಳಿನಲ್ಲಿ ಕೀವಾದ ಗಾಯವೋ ಕೊಳಕು ಬ್ಯಾಂಡೇಜೋ ಕಂಡರೆ ಅಲ್ಲಿ ನಿಲ್ಲಲೇಬೇಡಿ. ಚರ್ಮದ ಮೇಲೆ, ಮೂಗಿನಲ್ಲಿ, ಗಾಯದಲ್ಲಿ ಇರುವ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯವೂ ಪದಾರ್ಥದಲ್ಲಿ ಬೆಳೆದು ವಿಷ ಬಿಡುತ್ತದೆ, ಅದೂ ಮತ್ತೆ ಬಿಸಿ ಮಾಡಿದರೆ ಹೋಗುವಂಥದಲ್ಲ, ಅದರಿಂದಲೂ ಕೆಲವೇ ಗಂಟೆಗಳಲ್ಲಿ ವಾಂತಿಯಾಗುತ್ತದೆ. ನಿಮ್ಮ ಕಳೆದ ವರ್ಷದ ಅನ್ನದಲ್ಲಿ ಇದೇ ಇದ್ದಿರಲೂಬಹುದು.

ಬಕೆಟ್ಟಿನ ವಿಷಯ ಹೀಗೆ. ಗಾಡಿಯ ಪಕ್ಕದಲ್ಲಿ ಎಂಜಲು ತಟ್ಟೆ ಅದ್ದುವ ನೀರು ಬೂದಿಬಣ್ಣಕ್ಕೆ ತಿರುಗಿ, ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ, ಅದರಲ್ಲಿ ಅದ್ದಿದ ತಟ್ಟೆ ತೊಳೆಯದ ತಟ್ಟೆಗಿಂತ ಕೆಟ್ಟದ್ದು, ಏಕೆಂದರೆ ಈಗ ಅದರ ಮೇಲೆ ನೂರು ಜನರ ಎಂಜಲಿದೆ. ಅಂಥ ಕಡೆ ಅಡುಗೆ ಚೆನ್ನಾಗಿದ್ದರೆ ಮುತ್ತುಗದ ಎಲೆಯಲ್ಲೋ ಬಾಳೆ ಎಲೆಯಲ್ಲೋ ಕೊಡಿ ಎನ್ನಿ, ಇಲ್ಲವೇ ಮನೆಯಿಂದ ನಾಲ್ಕು ಸ್ಟೀಲ್ ತಟ್ಟೆಗಳನ್ನು ಒಯ್ಯಿರಿ. ಇದನ್ನು ನೋಡಿ ಯಾರೂ ನಗುವುದಿಲ್ಲ, ಹಳ್ಳಿಯಿಂದ ಜಾತ್ರೆಗೆ ಬರುವವರು ಇಂದಿಗೂ ತಟ್ಟೆ ಲೋಟ ಗಂಟು ಕಟ್ಟಿಕೊಂಡು ಬರುತ್ತಾರೆ. ತಟ್ಟೆಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿ ಇಡ್ಲಿ ಹಾಕಿಕೊಡುವುದನ್ನು ಮಾತ್ರ ಒಪ್ಪಬೇಡಿ. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುವುದು ಕಂಡುಬಂದು 2025ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸುವುದಾಗಿ ಪ್ರಕಟಿಸಿತು. ಮುಚ್ಚಳ ತೆಗೆದಾಗ ಇಡ್ಲಿಯ ಕೆಳಗೆ ಕಾಣಬೇಕಾದದ್ದು ಬಿಳಿ ಬಟ್ಟೆ ಅಥವಾ ಬರಿಯ ಲೋಹದ ತಟ್ಟೆ. ಅದೇ ರೀತಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಣ್ಣವನ್ನು 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ನಿಷೇಧಿಸಿದೆ, ಬೆರಳಿಗೆ ಅಂಟಿದರೆ ತೊಳೆದರೂ ಹೋಗದಷ್ಟು ಗಾಢವಾದ ಕೆಂಪು, ಗುಲಾಬಿ ಬಣ್ಣವನ್ನು ಮಗಳಿಗೆ ಕೊಡಿಸಬೇಡಿ. ಇವು ಆ ದಿನವೇ ವಾಂತಿ ತರುವಂಥವಲ್ಲ, ಅವುಗಳ ಕೇಡು ನಿಧಾನದ್ದು. ಗಾಡಿಯ ಮೇಲೆ ಹದಿನಾಲ್ಕು ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಕಂಡರೆ ಒಳ್ಳೆಯದೇ, ಆದರೆ ಅದು ಇಂದಿನ ಚಟ್ನಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಪಾನಿಪುರಿಯನ್ನು ಮಕ್ಕಳು ಕೇಳದೆ ಇರುವುದಿಲ್ಲ, ಆದರೆ ಜಾತ್ರೆಯಲ್ಲಿ ಬೇಡ ಎಂದೇ ಹೇಳುತ್ತೇನೆ. ಬೇಯಿಸಿ ಸುಲಿದು ಕೈಯಲ್ಲೇ ಹಿಸುಕಿದ ಆಲೂಗಡ್ಡೆ, ಕುದಿಸದ ನೀರು, ಆ ನೀರಿಗೆ ಪ್ರತಿ ಪೂರಿಯ ಜೊತೆಗೂ ಮುಳುಗುವ ಬೆರಳು, ಇಷ್ಟೂ ಒಂದೇ ಕಡೆ ಸೇರಿರುತ್ತವೆ. ಹೆಚ್ಚಿಟ್ಟ ಕಲ್ಲಂಗಡಿ, ಪರಂಗಿ ಹಣ್ಣಿನ ಹೋಳುಗಳಿಗೂ ಇದೇ ಮಾತು. ಕಬ್ಬಿನ ಹಾಲು ಕುಡಿಯಲೇಬೇಕೆಂದರೆ ಐಸ್ ಇಲ್ಲದೆ ಕೇಳಿ, ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಅದರಲ್ಲಿನ ರೋಗಾಣು ಸಾಯುವುದಿಲ್ಲ.

ಈ ವರ್ಷದ ದಿನವನ್ನು ನಾನಾಗಿದ್ದರೆ ಹೀಗೆ ಕಳೆಯುತ್ತಿದ್ದೆ. ತಟ್ಟೆ ಇಡ್ಲಿಯನ್ನು ಮಧ್ಯಾಹ್ನಕ್ಕೆ ಬಿಡದೆ ರೈಲಿಳಿದ ಕೂಡಲೇ, ಬೆಳಗಿನ ಎಂಟು ಒಂಬತ್ತು ಗಂಟೆಯೊಳಗೆ, ಕಣ್ಣೆದುರಿಗೆ ಹಬೆಯಿಂದ ಇಳಿದದ್ದನ್ನು ತಿನ್ನುತ್ತಿದ್ದೆ. ಆ ಹೊತ್ತಿಗೆ ಚಟ್ನಿಯೂ ಹೊಸದು, ತಟ್ಟೆಯ ನೀರೂ ಹೊಸದು, ಅಂಗಡಿಯವರ ಕೈಗೂ ಇನ್ನೂ ದಣಿವಾಗಿರುವುದಿಲ್ಲ. ಮಧ್ಯಾಹ್ನಕ್ಕೆ ಮಠದ ದಾಸೋಹದ ಬಿಸಿ ಊಟವಿದೆ. ಸಂಜೆಯ ಹಸಿವಿಗೆ ಕಾದ ಎಣ್ಣೆಯಿಂದ ನಿಮ್ಮೆದುರೇ ತೆಗೆದ ಮೆಣಸಿನಕಾಯಿ ಬಜ್ಜಿ, ಅದನ್ನು ಸೀಳಿ ಹಸಿ ಈರುಳ್ಳಿ, ಕ್ಯಾರೆಟ್ ತುಂಬಿಸಿಕೊಳ್ಳದೆ, ಮತ್ತು ಅಚ್ಚಾದ ಪತ್ರಿಕೆಯ ಮೇಲಲ್ಲದೆ ಎಲೆಯ ಮೇಲೆ. ಇಲ್ಲವೇ ಬಿಸಿಯಾಗಿ ಬೇಯಿಸಿದ ಕಡಲೆಕಾಯಿ, ಕೆಂಡದಲ್ಲಿ ಸುಟ್ಟ ಮುಸುಕಿನ ಜೋಳ, ಸಿಪ್ಪೆ ಬಿಡಿಸದ ಬಾಳೆಹಣ್ಣು. ನಮ್ಮ ತೆಂಗಿನ ಸೀಮೆಯಲ್ಲಿ ನಿಮ್ಮೆದುರೇ ಕೊಚ್ಚಿಕೊಟ್ಟ ಎಳನೀರಿಗಿಂತ ಶುದ್ಧವಾದ ಪಾನೀಯ ಬೀದಿಯಲ್ಲಿ ಇನ್ನೊಂದಿಲ್ಲ, ಅದನ್ನು ಲೋಟಕ್ಕೆ ಸುರಿಸಿಕೊಳ್ಳದೆ ಬುರುಡೆಯಿಂದಲೇ ಕುಡಿಯಬೇಕು ಅಷ್ಟೆ. ಎಳನೀರಿನಲ್ಲೂ ಸಕ್ಕರೆ ಇರುವುದರಿಂದ ನಿಮ್ಮ ಮಾವನವರು ಅದರ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ.

ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಕಳೆದ ವರ್ಷದಂತೆ ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಮಗಳಿಗೆ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಿ, ಒಂದೇ ಸಲಕ್ಕೆ ಲೋಟ ಕೊಟ್ಟರೆ ಮತ್ತೆ ವಾಂತಿಯಾಗುತ್ತದೆ. ಸಿದ್ಧ ವಿಷದಿಂದ ಬಂದ ವಾಂತಿ ಹೆಚ್ಚಾಗಿ ಒಂದು ದಿನದೊಳಗೆ ನಿಲ್ಲುತ್ತದೆ. ಕುಡಿದದ್ದೇನೂ ನಿಲ್ಲದಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಗು ಮಂಕಾಗಿ ಮಲಗಿದರೆ, ಭೇದಿಯಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಮಾವನವರಿಗಾದರೆ ಇನ್ನೂ ಬೇಗ ಹೋಗಬೇಕು, ಊಟ ನಿಲ್ಲದ ಸ್ಥಿತಿಯಲ್ಲಿ ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವುದನ್ನು ವೈದ್ಯರೇ ತೀರ್ಮಾನಿಸಬೇಕು. ಟೈಫಾಯ್ಡ್ ಮತ್ತು ಕೆಲವು ಬಗೆಯ ಕಾಮಾಲೆ ಇದೇ ನೀರು, ಚಟ್ನಿಗಳಿಂದ ಬಂದರೂ ಕಾಣಿಸಿಕೊಳ್ಳುವುದು ವಾರಗಳ ನಂತರ. ಆದ್ದರಿಂದ ಮುಂದಿನ ತಿಂಗಳಲ್ಲಿ ಜ್ವರವೋ ಕಣ್ಣು ಹಳದಿಯಾಗುವುದೋ ಆದರೆ ಜಾತ್ರೆಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ತಿಳಿಸಿ.

ಕಡೆಯದಾಗಿ ಮಜ್ಜಿಗೆ. ದಾರಿಯುದ್ದಕ್ಕೂ ಭಕ್ತರು ಅರವಟಿಗೆ ಇಟ್ಟು ಪ್ರೀತಿಯಿಂದ ಕೊಡುವ ಮಜ್ಜಿಗೆಯನ್ನು ಬೇಡ ಎನ್ನಲು ಹಿರಿಯರಿಗೆ ಮನಸ್ಸು ಬರುವುದಿಲ್ಲ ಎಂಬುದು ನನಗೆ ಗೊತ್ತು. ಮೊಸರು ಹುಳಿಯಾದ್ದರಿಂದ ಸ್ವತಃ ಸಾಕಷ್ಟು ಸುರಕ್ಷಿತ. ಮಜ್ಜಿಗೆಯಲ್ಲಿ ಮೊಸರಿಗಿಂತ ನೀರೇ ಹೆಚ್ಚು, ಜೊತೆಗೆ ಐಸ್ ಗಡ್ಡೆ, ಹೆಚ್ಚಿ ಹಾಕಿದ ಹಸಿ ಕೊತ್ತಂಬರಿ, ಸಾವಿರ ಜನ ಬಾಯಿಗಿಟ್ಟ ಲೋಟ, ಸಂಶಯ ಇರುವುದು ಇವುಗಳಲ್ಲಿ. ಅರವಟಿಗೆಯವರು ಕ್ಯಾನಿನ ನೀರು ಬಳಸಿ, ಐಸ್ ಹಾಕದೆ, ನಲ್ಲಿಯಿರುವ ಮುಚ್ಚಿದ ಡ್ರಮ್ಮಿನಿಂದ ಹಿಡಿದು ಕೊಡುತ್ತಿದ್ದರೆ ಮಾವನವರು ತಮ್ಮದೇ ಲೋಟದಲ್ಲಿ ತೆಗೆದುಕೊಳ್ಳಲಿ. ತೆರೆದ ಕೊಳಗಕ್ಕೆ ಚೊಂಬು ಅದ್ದಿ ತೆಗೆಯುತ್ತಿದ್ದರೆ ಕೈಮುಗಿದು ಮುಂದೆ ಸಾಗಲಿ. ನಾನು ನಮ್ಮ ತಾಯಿಯವರಿಗೆ ಮಾಡುತ್ತಿದ್ದ ಉಪಾಯವೂ ಇದೆ: ಬೆಳಿಗ್ಗೆ ಹೊರಡುವಾಗ ಸಣ್ಣ ಸ್ಟೀಲ್ ಡಬ್ಬದಲ್ಲಿ ಗಟ್ಟಿ ಮೊಸರಿಗೆ ಉಪ್ಪು, ಜಜ್ಜಿದ ಶುಂಠಿ ಬೆರೆಸಿ ಒಯ್ಯುವುದು, ಬಿಸಿಲೇರಿದಾಗ ಮರದ ನೆರಳಿನಲ್ಲಿ ಕುಳಿತು ಮನೆಯಿಂದ ತಂದ ನೀರನ್ನೇ ಅದಕ್ಕೆ ಸೇರಿಸಿ ಅಲ್ಲಾಡಿಸಿ ಕೊಡುವುದು.